ಜಪಾನಿನ ಕಾರು, ಓದಲು ಬಾರದ ಪರದೆ

ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಎಂಜಿನ್ ಚೆನ್ನಾಗಿತ್ತು, ಆದರೆ ಪರದೆಯಲ್ಲಿ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಭಾಷೆ ಬದಲಿಸೋದು ಎರಡು ನಿಮಿಷದ ಕೆಲಸ ಅಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಕೂತೆ.

ಮೊಬೈಲ್ ಕ್ಯಾಮೆರಾದ ಅನುವಾದ ಆ್ಯಪ್ ಹಿಡಿದು 設定 ಅನ್ನೋದು ಸೆಟ್ಟಿಂಗ್ಸ್ ಅಂತ ಕಂಡುಕೊಂಡೆ. ಭಾಷೆ ಅಂದರೆ 言語. ಆ ಎರಡು ಅಕ್ಷರ ಹುಡುಕುತ್ತಾ ಒಂದೊಂದೇ ಮೆನು ತೆರೆದೆ. 音声 ಸಿಕ್ಕಿದಾಗ ಖುಷಿಯಾಯಿತು, ನೋಡಿದರೆ ಅದು ಬರೀ ಧ್ವನಿಯ ಸೆಟ್ಟಿಂಗು. ಇನ್ನೊಂದು ಕಡೆ 初期化 ಇತ್ತು. ಅದನ್ನು ಒತ್ತಿದರೆ ಎಲ್ಲ ಹೊಸದಾಗಿ ಶುರುವಾಗಿ ಭಾಷೆ ಕೇಳುತ್ತದೇನೋ ಅನ್ನೋ ಆಸೆ. ಕೇಳಲಿಲ್ಲ. ಹಳೆಯ ಮಾಲೀಕರ ಮನೆ ವಿಳಾಸ, ಜೋಡಿಸಿದ್ದ ಫೋನುಗಳು ಅಳಿಸಿಹೋದವು, ಅದು ಒಳ್ಳೆಯದೇ ಆಯಿತು. ಪರದೆ ಮಾತ್ರ ಮತ್ತೆ ಜಪಾನಿ ಭಾಷೆಯಲ್ಲೇ ಎದ್ದು ಕೂತಿತು.

ಇಷ್ಟಾದ ಮೇಲೆ ಕಾರಣ ಗೊತ್ತಾಯಿತು. ಜಪಾನಿನೊಳಗೆ ಮಾರಲೆಂದೇ ಮಾಡಿದ ಇಂಥ ಯೂನಿಟ್‌ಗಳಲ್ಲಿ ಎಷ್ಟೋ ಬಾರಿ ಬೇರೆ ಭಾಷೆಯ ಪದಗಳನ್ನು ತುಂಬಿರೋದೇ ಇಲ್ಲ. ಒಳಗೇ ಇಲ್ಲದ್ದನ್ನು ಮೆನುವಿನಲ್ಲಿ ಎಷ್ಟು ಹುಡುಕಿದರೇನು? ಸಾಫ್ಟ್‌ವೇರ್ ಬದಲಿಸಿಕೊಡ್ತೀವಿ ಅನ್ನೋರಿದ್ದಾರೆ, ಆದರೆ ಮಧ್ಯದಲ್ಲಿ ಕೆಟ್ಟರೆ ಯೂನಿಟ್ಟೇ ಸತ್ತುಹೋಗಬಹುದು. ನನಗೆ ಧೈರ್ಯ ಬರಲಿಲ್ಲ. ಬ್ಯಾಟರಿ ವೈರ್ ಕಿತ್ತು ನೋಡು ಅಂತ ಗೆಳೆಯ ಹೇಳಿದ್ದ, ಸದ್ಯ ಕೇಳಲಿಲ್ಲ. ಕರೆಂಟ್ ಹೋದರೆ ಲಾಕ್ ಆಗಿ ಮ್ಯಾಪ್‌ನ ಎಸ್‌ಡಿ ಕಾರ್ಡ್ ಅಥವಾ ಕೋಡ್ ಕೇಳುವ ಯೂನಿಟ್‌ಗಳಿವೆ. ಕೋಡ್ ನನ್ನ ಹತ್ತಿರ ಎಲ್ಲಿಂದ ಬರಬೇಕು?

ಸಂಜೆ ಸುಮ್ನೆ ಸ್ಟೀರಿಂಗ್ ಮೇಲಿನ ಬಟನ್ ಒತ್ತುತ್ತಾ ಕೂತಿದ್ದಾಗ ಸ್ಪೀಡೋಮೀಟರ್ ಪಕ್ಕದ ಚಿಕ್ಕ ಪರದೆಯ ಮೆನುವಿನಲ್ಲಿ 言語 ಕಂಡಿತು! ಒಳಗೆ ENGLISH ಇತ್ತು. ಮೀಟರ್ ಪರದೆ ಬೇರೆಯೇ ಕಂಪ್ಯೂಟರ್, ನಡುವಿನ ದೊಡ್ಡ ಪರದೆಯ ಸೆಟ್ಟಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಎಚ್ಚರಿಕೆ, ಮೈಲೇಜು, ಬಾಗಿಲು ತೆರೆದಿದೆ ಅನ್ನೋ ಸೂಚನೆ ಎಲ್ಲ ಈಗ ಓದಬಹುದು. ಮುಖ್ಯವಾದದ್ದು ಇದೇ ಅಲ್ವಾ, ನಾನು ಮಾತ್ರ ಇಡೀ ದಿನ ಹಾಡು ಹಾಕುವ ಪರದೆಯ ಹಿಂದೆ ಬಿದ್ದಿದ್ದೆ.

ರೇಡಿಯೋದ ಕಥೆ ಭಾಷೆಗೆ ಸೇರಿದ್ದೇ ಅಲ್ಲ. ಜಪಾನಿನ ಎಫ್‌ಎಂ 76ರಿಂದ 95 ಮೆಗಾಹರ್ಟ್ಸ್‌ವರೆಗೆ, ಅದರ ಮೇಲಿನ ಸ್ಟೇಷನ್ ಬರೋದಿಲ್ಲ. ಅದಕ್ಕೆ ಆಂಟೆನಾ ವೈರಿನ ನಡುವೆ ಬ್ಯಾಂಡ್ ಎಕ್ಸ್‌ಪಾಂಡರ್ ಅನ್ನೋ ಚಿಕ್ಕ ಪೆಟ್ಟಿಗೆ ಹಾಕುತ್ತಾರೆ, ಅದು ಮೇಲಿನ ಫ್ರೀಕ್ವೆನ್ಸಿಯನ್ನು ಕೆಳಗಿಳಿಸಿ ಕೊಡುತ್ತದೆ. ನಾನು ಹಾಕಿಸಿಲ್ಲ, ಬ್ಲೂಟೂತ್‌ನಲ್ಲೇ ಹಾಡು ಕೇಳುತ್ತೇನೆ.

ಇನ್ನು ಉಳಿದದ್ದು ಒಂದು ಹೆಣ್ಣು ದನಿ. ಕಾರು ಶುರು ಮಾಡಿದಾಗಲೆಲ್ಲ ಏನೋ ಹೇಳುತ್ತಿತ್ತು, ನಾನು ಸ್ವಾಗತ ಅಂದುಕೊಂಡಿದ್ದೆ. ಫೋನಿಗೆ ಕೇಳಿಸಿದರೆ ‘ಇಟಿಸಿ ಕಾರ್ಡ್ ಹಾಕಿಲ್ಲ’ ಅಂತ! ಅಲ್ಲಿನ ಟೋಲ್ ಕಟ್ಟುವ ಪೆಟ್ಟಿಗೆ ಅದು, ಪರದೆಯದಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಕೈಹಾಕಿ ಅದರ ಪ್ಲಗ್ ಕಿತ್ತೆ. ಮಾರನೇ ದಿನದಿಂದ ಕಾರು ಮೌನವಾಗಿಯೇ ಶುರುವಾಗುತ್ತಿದೆ.