ಯು, ವಿ ಮತ್ತು ಹದಿನೈದನೇ ಅಕ್ಷರ

ನಮ್ಮ ಕಾರ್ಖಾನೆ ಪೀಣ್ಯದಲ್ಲಿದೆ. ಹೊಸ ವೆಂಡರ್‌ಗಳ ಫಾರಂ ನೋಡಿ ಒಪ್ಪಿಗೆ ಕೊಡುವುದು ನನ್ನ ಕೆಲಸ. ಆವತ್ತು ಬಿಡಿಭಾಗ ಮಾಡಿಕೊಡುವ ಒಂದು ವರ್ಕ್‌ಶಾಪ್‌ನ ಫಾರಂ ಬಂದಿತ್ತು. ಜಿಎಸ್‌ಟಿ ನಂಬರ್ ಜಾಗದಲ್ಲಿ ಹೀಗಿತ್ತು: `29AAAFU0000M1ZE`. ಬೇರೆಯವರ ನಿಜವಾದ ನಂಬರ್ ಇಲ್ಲಿ ಹಾಕುವುದು ಸರಿಯಲ್ಲ. ಅದಕ್ಕೇ ಪ್ಯಾನ್‌ನ ಅಂಕೆಗಳನ್ನು 0000 ಮಾಡಿ, ಕೊನೆಯ ಅಕ್ಷರವನ್ನೂ ಅದಕ್ಕೆ ತಕ್ಕಂತೆ ಬದಲಿಸಿದ್ದೇನೆ. 0000 ಇರುವ ಪ್ಯಾನ್ ಯಾರಿಗೂ ಸಿಗುವುದಿಲ್ಲ.

ನೋಡಲು ಎಲ್ಲವೂ ಸರಿಯಾಗಿತ್ತು. ಮೊದಲ ಎರಡು ಅಂಕೆ ರಾಜ್ಯದ್ದು, 29 ಅಂದರೆ ಕರ್ನಾಟಕ. ಆಮೇಲಿನ ಹತ್ತು ಪ್ಯಾನ್: ಐದು ಅಕ್ಷರ, ನಾಲ್ಕು ಅಂಕೆ, ಮತ್ತೆ ಒಂದು ಅಕ್ಷರ. ಹದಿಮೂರನೆಯದು ಆ ಪ್ಯಾನ್‌ಗೆ ಅದೇ ರಾಜ್ಯದಲ್ಲಿ ಎಷ್ಟನೇ ನೋಂದಣಿ ಅನ್ನುವುದು. ಸಾಮಾನ್ಯ ವ್ಯಾಪಾರಿಗಳಿಗೆ ಹದಿನಾಲ್ಕನೆಯದು Z. ಕೊನೆಯದು ಚೆಕ್ ಅಕ್ಷರ. ಈ ಅಚ್ಚಿಗೆ ಕೂತರೆ ನಮ್ಮ ಹಳೆಯ ಫಾರಂ ಒಪ್ಪಿಕೊಂಡುಬಿಡುತ್ತಿತ್ತು. ಅಂಕೆ ಇರಬೇಕಾದ ಕಡೆ ಸೊನ್ನೆ ಬದಲು O ಒತ್ತಿದರೆ ಅದು ಹಿಡಿಯುತ್ತಿತ್ತು. ಆದರೆ ಅಕ್ಷರದ ಜಾಗಕ್ಕೆ ಬೇರೆ ಅಕ್ಷರವೇ ಬಂದರೆ ಅದಕ್ಕೆ ಗೊತ್ತಾಗುವುದು ಹೇಗೆ?

ಹೊಸ ಫಾರಂನಲ್ಲಿ ಕೊನೆಯ ಅಕ್ಷರವನ್ನೂ ಲೆಕ್ಕ ಹಾಕಿ ನೋಡುವ ಹಾಗೆ ಮಾಡಿದ್ದೆವು. ಲೆಕ್ಕ ಕಷ್ಟದ್ದಲ್ಲ. 0ಯಿಂದ 9ರವರೆಗೆ ಅಷ್ಟಷ್ಟೇ ಬೆಲೆ, Aಗೆ 10, Bಗೆ 11, ಹೀಗೆ Zಗೆ 35. ಮೊದಲ ಹದಿನಾಲ್ಕನ್ನು ಎಡದಿಂದ 1, 2, 1, 2 ಎಂದು ಗುಣಿಸಬೇಕು. ಬಂದದ್ದನ್ನು 36ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಮೊತ್ತಕ್ಕೆ ಸೇರಿಸಬೇಕು.

```
const C = "0123456789ABCDEFGHIJKLMNOPQRSTUVWXYZ";
function check(g) {
  let s = 0;
  for (let i = 0; i < 14; i++) {
    const p = C.indexOf(g[i]) * (i % 2 + 1);
    s += Math.floor(p / 36) + p % 36;
  }
  return C[(36 - s % 36) % 36];
}
```

ಈ ನಂಬರ್‌ಗೆ ಮೊತ್ತ 165 ಬಂತು. 36ರಿಂದ ಭಾಗಿಸಿದರೆ ಉಳಿಯುವುದು 21. ಅದನ್ನು 36ರಲ್ಲಿ ಕಳೆದರೆ 15, ಅಂದರೆ F. ಫಾರಂನಲ್ಲಿ ಇದ್ದದ್ದು E. ಎಲ್ಲೋ ಒಂದು ಕಡೆ ತಪ್ಪಿದೆ ಅನ್ನುವುದು ಖಾತ್ರಿಯಾಯಿತು. ಎಲ್ಲಿ ಅನ್ನುವುದನ್ನು ಈ ಲೆಕ್ಕ ಹೇಳುವುದಿಲ್ಲ.

ಅದಕ್ಕೆ ಸುಳಿವು ಪ್ಯಾನ್‌ನಲ್ಲೇ ಇತ್ತು. ಪ್ಯಾನ್‌ನ ನಾಲ್ಕನೇ ಅಕ್ಷರ F ಆದರೆ ಅದು ಪಾಲುದಾರಿಕೆ ಸಂಸ್ಥೆ. ಸಂಸ್ಥೆಗಳಿಗೆ ಐದನೇ ಅಕ್ಷರ ಹೆಸರಿನ ಮೊದಲ ಅಕ್ಷರವೇ ಆಗಿರುತ್ತದೆ. ಈ ವರ್ಕ್‌ಶಾಪ್‌ನ ಹೆಸರು ಇಂಗ್ಲಿಷಿನಲ್ಲಿ V ಇಂದ ಶುರುವಾಗುತ್ತದೆ, ಫಾರಂನಲ್ಲಿ ಮಾತ್ರ U. V ಹಾಕಿ ನೋಡಿದೆ. ಮೊತ್ತ 166, ಉಳಿಯುವುದು 22, ಉತ್ತರ 14, ಅಂದರೆ E. ಸರಿಹೋಯಿತು.

ಹಾಗಂತ ನಾನೇ ತಿದ್ದಲಿಲ್ಲ. ಫಾರಂ ಆಗಲಿ ನಾವಾಗಲಿ ಊಹೆಯ ಮೇಲೆ ತಿದ್ದಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಲೀಕರಿಗೆ ಫೋನ್ ಮಾಡಿ ನೋಂದಣಿ ಪತ್ರ ನೋಡಿ ಓದಲು ಹೇಳಿದೆ. "ಅದು ಯು ಅಲ್ಲ ಮೇಡಂ, ವಿ. ನಮ್ಮ ಹುಡುಗ ಹಳೇ ಬಿಲ್‌ನ ಸೀಲ್ ನೋಡಿಕೊಂಡು ಟೈಪ್ ಮಾಡಿದಾನೆ, ಅದರಲ್ಲಿ ತಳ ಅಳಿಸಿದೆ" ಅಂದರು. ಅವರೇ ಫಾರಂ ತಿದ್ದಿ ಕಳಿಸಿದರು.

ಇದು ಆಗಲೇ ಸಿಗದಿದ್ದರೆ ಸಿಗುತ್ತಿದ್ದದ್ದು ಮುಂದಿನ ತಿಂಗಳ 14ರ ನಂತರ, ಜಿಎಸ್‌ಟಿಆರ್-2ಬಿ ಬಂದಾಗ. ಅದರಲ್ಲಿ ಬಿಲ್ ಸರಿಯಾದ ನಂಬರ್‌ನಡಿ ಇರುತ್ತದೆ, ನಮ್ಮ ಖರೀದಿ ಪುಸ್ತಕದಲ್ಲಿ ತಪ್ಪು ನಂಬರ್. ತಾಳೆ ಆಗುವುದಿಲ್ಲ. ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವ ಹೊತ್ತಿಗೆ ಅಕೌಂಟ್ಸ್‌ನವರು ಒಂದೊಂದೇ ಬಿಲ್ ಹುಡುಕುತ್ತಾ ಕೂರಬೇಕು.

ಈ ಲೆಕ್ಕದ ಮಿತಿಯೂ ಗೊತ್ತಿರಬೇಕು. ಯಾವುದೇ ಒಂದು ಅಕ್ಷರ ತಪ್ಪಿದರೆ ಇದು ಬಿಡದೆ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಅದಲುಬದಲಾದರೂ ಹಿಡಿಯುತ್ತದೆ. 0 ಮತ್ತು Z ಜೋಡಿಯೊಂದು ತಪ್ಪಿಸಿಕೊಳ್ಳಬಹುದು, ಆದರೆ ಅದನ್ನು ಅಚ್ಚು ತಡೆಯುತ್ತದೆ. ಒಂದು ಬಿಟ್ಟು ಒಂದು ಅದಲುಬದಲಾದರೆ ಮಾತ್ರ ಗೊತ್ತಾಗುವುದೇ ಇಲ್ಲ. ಪ್ಯಾನ್‌ನ 4731 ಹೋಗಿ 3741 ಆದರೆ 4ಕ್ಕೂ 3ಕ್ಕೂ ಗುಣಕ ಒಂದೇ, ಮೊತ್ತ ಬದಲಾಗುವುದಿಲ್ಲ.

ಇನ್ನೊಂದು ವಿಷಯ. ಲೆಕ್ಕ ಸರಿ ಬಂತು ಅಂದ ಮಾತ್ರಕ್ಕೆ ನೋಂದಣಿ ಜೀವಂತ ಇದೆ ಅಂತಲ್ಲ. ರದ್ದಾದ ನಂಬರ್‌ಗೂ ಚೆಕ್ ಅಕ್ಷರ ಸರಿಯಾಗಿಯೇ ಇರುತ್ತದೆ, ಅಲ್ವಾ? ಅದಕ್ಕೇ ತಿದ್ದಿದ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನ `Search Taxpayer`ನಲ್ಲಿ ಹಾಕಿದೆ. ಕಾನೂನಿನ ಹೆಸರು ಫಾರಂನ ಹೆಸರಿಗೂ ಬ್ಯಾಂಕ್ ಖಾತೆಯ ಹೆಸರಿಗೂ ಹೊಂದಿತು. ಸ್ಥಿತಿ `Active` ಅಂತ ಇತ್ತು. ಆಮೇಲೆ ವೆಂಡರ್ ಕೋಡ್ ಕೊಟ್ಟೆ.