ಕೊನೇಲಿ ಒಂದು ಸೊನ್ನೆ

ಮೊನ್ನೆ ಟೋಕಿಯೋದ ನಮ್ಮನೆಗೆ ಊಟಕ್ಕೆ ಬಂದಿದ್ದ ದಾವಣಗೆರೆ ಹುಡುಗಿ, ಇಲ್ಲಿ ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು, ಎರಡು ಸ್ಕ್ರೀನ್‌ಶಾಟ್ ತೋರಿಸಿ "ಅಕ್ಕಾ, ನಮ್ಮ ಬಾಸ್‌ಗೆ ನನ್ ಮೇಲೆ ಸಿಟ್ಟಾ?" ಅಂದ್ಳು. ಲೈನ್ ಮೆಸೇಜು, ಲೈನ್ ಅಂದ್ರೆ ಇಲ್ಲಿನವರ ವಾಟ್ಸಾಪ್ ಅನ್ಕೊಳ್ಳಿ. ಬಾಸ್ ಐವತ್ತು ದಾಟಿದ ಆಸಾಮಿ, ಆಫೀಸ್ ಗ್ರೂಪಲ್ಲಿ ಸಾಲಿಗೊಂದು ಕೆಂಪು ❗, ನಡುನಡುವೆ ಬೆವರು ಸುರಿಸೋ 😅, ಕೊನೇಲಿ "ದೈಜೋಬು ಕಾನಾ?", ಅಂದ್ರೆ ಪರವಾಗಿಲ್ವೇನೋ ಅಂತ, ಆ ಕಾನಾ ಮಾತ್ರ ಬೇಕಂತ್ಲೇ ವಿದೇಶಿ ಪದಗಳಿಗೆ ಬಳಸೋ ಕತಕಾನಾ ಲಿಪೀಲಿ.

ಹತ್ತನೇ ಕ್ಲಾಸಿನ ನನ್ನ ಮಗಳು ಇಣುಕಿ ನೋಡಿ ಬಿದ್ದು ಬಿದ್ದು ನಕ್ಕಳು. ಇದಕ್ಕೆ ಇಲ್ಲಿ "ಓಜಿಸಾನ್ ಕೋಬುನ್" ಅಂತ ಹೆಸರೇ ಇದೆ, ಅಂಕಲ್ ಶೈಲಿ ಅನ್ನಬಹುದು. ಬರೀ ಅಕ್ಷರ ಹಾಕಿದ್ರೆ ಒರಟಾಗುತ್ತೇನೋ ಅಂತ ಪಾಪ ಅಲಂಕಾರ ಮಾಡ್ತಾರೆ. ಗ್ರೂಪಲ್ಲಿ ಎಲ್ಲರಿಗೂ ಹೀಗೇ ಬರೀತಾರೆ ಅಂದ್ರೆ ಏನೂ ಇಲ್ಲ, ರಾತ್ರಿ ಒಬ್ಬಳಿಗೇ ಬಂದ್ರೆ ಬೇರೆ ಮಾತು.

"ಇದಿರ್ಲಿ, ಆ ಇನ್ನೊಂದು ನೋಡಿ ಆಂಟಿ" ಅಂದ್ಳು ಮಗಳು. ಅದು ಜೊತೆ ಕೆಲಸ ಮಾಡೋ ಗೆಳತೀದು, ಈ ಹುಡುಗಿ ಊಟದ ಪ್ಲ್ಯಾನನ್ನ ಎರಡನೇ ಸಲ ಕೊನೇ ಗಳಿಗೇಲಿ ಕ್ಯಾನ್ಸಲ್ ಮಾಡಿದ್ದಕ್ಕೆ ಬಂದ ಉತ್ತರ: "ವಕಾರಿಮಾಶಿತಾ。" ಗೊತ್ತಾಯ್ತು, ಅಷ್ಟೇ. ನಮ್ಮ ಹುಡುಗಿಗೆ ಇದು ಮರ್ಯಾದೆಯಾಗಿ ಕಂಡಿತ್ತು. ಮಗಳು ಮೇಲಕ್ಕೆ ಸ್ಕ್ರೋಲ್ ಮಾಡಿ ಮೊದಲನೇ ಸಲ ಬಂದಿದ್ದ ಉತ್ತರ ತೋರಿಸಿದ್ಳು: "ಈ ಯೋ〜", ಪರ್ವಾಗಿಲ್ಲ ಬಿಡೇ ಅನ್ನೋ ಥರ, ಎಳೆದ ಬಾಲ, ಪಕ್ಕದಲ್ಲಿ ಮೊಲದ ಸ್ಟಿಕ್ಕರು. ಈಗ ಬಾಲ ಇಲ್ಲ, ಮೊಲ ಇಲ್ಲ, ಅದರ ಜಾಗಕ್ಕೆ "ಮಾಸ್" ಅನ್ನೋ ಗೌರವದ ರೂಪ, ಕೊನೇಲಿ ಸೊನ್ನೆಯಂಥ ಪೂರ್ಣವಿರಾಮ. ಆ ಸೊನ್ನೆಗೆ ಮಾರು ಅಂತಾರೆ, ಹುಡುಗರಿಗೆ ಅದು ಬಾಗಿಲು ಮುಚ್ಚಿದ ಹಾಗೆ ಕೇಳಿಸುತ್ತೆ ಅಂತ 2024ರಲ್ಲಿ "ಮಾರುಹರಾ" ಅನ್ನೋ ಮಾತು ಟೀವೀಲೆಲ್ಲ ಓಡಾಡ್ತು, ಮಾರು ಹಾಕಿ ಹಿಂಸೆ ಅಂತ. ಹಾಗಂತ ಮಾರು ಕಂಡಲ್ಲೆಲ್ಲ ಸಿಟ್ಟು ಹುಡುಕೋಕಾಗಲ್ಲ, ನಮ್ಮ ಪಕ್ಕದ ಮನೆ ಅಜ್ಜಿ ಕಸದ ದಿನ ನೆನಪಿಸೋಕೂ ಮಾರು ಹಾಕ್ತಾರೆ, ಅವರು ಯಾವಾಗ್ಲೂ ಹಾಗೇ. ನೋಡಬೇಕಾದ್ದು ಅದೇ ಮನುಷ್ಯ ನಿನ್ನೆ ಹೇಗೆ ಬರೆದಿದ್ದ ಅನ್ನೋದನ್ನ.

"ಗೌರವ ಜಾಸ್ತಿ ಆದ್ರೆ ಸಿಟ್ಟು ಹೇಗಾಗುತ್ತೆ?" ಅಂತ ಹುಡುಗಿ ಕೇಳಿದಾಗ ನನಗೆ ನಮ್ಮಮ್ಮ ನೆನಪಾದ್ರು. ಬೈದ್ರೆ ಭಯ ಇರ್ಲಿಲ್ಲ, "ತಮ್ಮದು ಊಟ ಆಯ್ತೋ?" ಅಂದ್ರೆ ಮಾತ್ರ ನಾವು ಹಿತ್ತಲಿಗೆ ಓಡ್ತಿದ್ವಿ.

ಅವಳು ಅಲ್ಲೇ ಕೂತು ಗೆಳತಿಗೆ ಫೋನ್ ಮಾಡಿದ್ಳು.

ಅವಳು ಹೋದಮೇಲೆ ಪಾತ್ರೆ ತೊಳೀತಾ ನನಗೊಂದು ಹೊಳೀತು. ಗೃಹಪ್ರವೇಶಕ್ಕೆ ಬರೋಕಾಗಲ್ಲ ಕಣೋ ಅಂತ ಹಾಕಿದ್ದಕ್ಕೆ ತಮ್ಮ ಕಳಿಸಿದ್ದ ಉತ್ತರ. ಕೈ ಒರೆಸಿಕೊಂಡು ತೆಗೆದು ನೋಡಿದೆ. "ಆಯ್ತು ಅಕ್ಕ. ನಿಮಗೆ ಅನುಕೂಲ ಆದಾಗ ಬನ್ನಿ." ಹುಟ್ಟಿದಾಗಿಂದ ನನಗೆ ನೀನು ಅಂದವನು. ಇಲ್ಲಿ ರಾತ್ರಿ ಹನ್ನೊಂದು, ಅಲ್ಲಿನ್ನೂ ಏಳೂವರೆ, ಎದ್ದಿರ್ತಾನೆ.