ಚಕ್ಕುಲಿ ಅಂಗಡಿಗೂ ಮನೆ ಕಂದಾಯಕ್ಕೂ ಏನು ಸಂಬಂಧ?

ಶ್ರಾವಣದಲ್ಲಿ ಅಂಗಡಿ ಇಟ್ಟೆವು. ಹತ್ತಡಿ ಅಗಲದ ಮಳಿಗೆ. ಮುಂದೆ ಗಾಜಿನ ಡಬ್ಬಗಳಲ್ಲಿ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ. ಹಿಂದಿನ ಸಣ್ಣ ಕೋಣೆಯಲ್ಲಿ ಒಲೆ, ಬಾಣಲೆ. ಪೂಜೆ ಮಾಡಿಸಿದೆವು, ಬೋರ್ಡ್ ಹಾಕಿಸಿದೆವು, ವ್ಯಾಪಾರ ಶುರು. ಲೈಸೆನ್ಸ್ ಮಾಡಿಸಬೇಕು ಅನ್ನೋದು ಗೊತ್ತಿರಲಿಲ್ಲ ಅಂತಲ್ಲ. ಹಬ್ಬದ ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಅಂತ ಬಿಟ್ಟಿದ್ದೆವು.

ನವೆಂಬರ್‌ನಲ್ಲಿ ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆಯೋಕೆ ಬ್ಯಾಂಕಿಗೆ ಹೋದೆ. ‘ಟ್ರೇಡ್ ಲೈಸೆನ್ಸ್ ತಂದಿದ್ದೀರಾ ಮೇಡಂ?’ ಅಂದರು. ಅವತ್ತೇ ಮಧ್ಯಾಹ್ನ ನಮ್ಮೂರ ಪುರಸಭೆಗೆ ಹೋದೆ. ಅಲ್ಲಿನ ಫಲಕದಲ್ಲಿ ಟ್ರೇಡ್ ಲೈಸೆನ್ಸ್ ಅಂತ ಎಲ್ಲೂ ಇರಲಿಲ್ಲ. ‘ಉದ್ದಿಮೆ ಪರವಾನಗಿ’ ಅಂತಿತ್ತು. ಅದೇ ಇದು. ಆರೋಗ್ಯ ಶಾಖೆಯಲ್ಲಿ ವಿಚಾರಿಸಿ ಅಂದರು.

ಬೇಕಾದ ಕಾಗದಗಳ ಪಟ್ಟಿ ನೋಡಿ ನಿರಾಳವಾಯಿತು. ಅರ್ಜಿ, ಫೋಟೋ, ಆಧಾರ್, ಬಾಡಿಗೆ ಕರಾರು, ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ, ಆ ಕಟ್ಟಡಕ್ಕೆ ಕಂದಾಯ ಕಟ್ಟಿದ ರಸೀದಿ. ತಿಂಡಿ ವ್ಯಾಪಾರವಾದ್ದರಿಂದ ಆಹಾರ ಸುರಕ್ಷತೆಯ ನೋಂದಣಿ, ಅಂದರೆ ಎಲ್ಲರೂ ಎಫ್‌ಎಸ್‌ಎಸ್‌ಎಐ ಅನ್ನುತ್ತಾರಲ್ಲ, ಅದರ ಪ್ರತಿ. ಅದನ್ನು ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿದ್ದೆ. ಉಳಿದಿದ್ದು ಒಂದು ದಿನದ ಕೆಲಸ ಅಂದುಕೊಂಡೆ.

ಮರುದಿನ ಕೌಂಟರಿನವರು ನನ್ನ ಕರಾರು ಪತ್ರ ತಿರುವಿ ಹಾಕಿ, ಆಸ್ತಿಯ ಪಿಐಡಿ ನಂಬರ್ ಕೇಳಿ ಕಂಪ್ಯೂಟರಿನಲ್ಲಿ ಹೊಡೆದರು. ಒಂದೇ ಸಲಕ್ಕೆ ಎರಡು ತಕರಾರು. ಒಂದು, ಮೂರು ವರ್ಷದಿಂದ ಆ ಕಟ್ಟಡದ ಕಂದಾಯ ಕಟ್ಟಿಲ್ಲ. ಎರಡು, ಖಾತೆ ಇರೋದು ಮಾಲೀಕರ ಹೆಂಡತಿಯ ಹೆಸರಿನಲ್ಲಿ. ನನಗೆ ಕರಾರು ಬರೆದುಕೊಟ್ಟಿದ್ದು ಗಂಡ.

‘ಅವರ ಬಾಕಿಗೆ ನಾನೇನು ಮಾಡಲಿ ಸಾರ್? ನಾನು ಬಾಡಿಗೆಗೆ ಇರೋಳು.’

‘ಲೈಸೆನ್ಸ್ ನಿಮಗೇ ಕೊಡೋದಮ್ಮ. ಆದ್ರೆ ಕೊಡೋದು ಆ ಜಾಗದ ಮೇಲೆ ಅಲ್ವಾ?’

ಆಗ ಸಿಟ್ಟು ಬಂದಿತ್ತು. ಮನೆಗೆ ಬಂದು ಯೋಚಿಸಿದ ಮೇಲೆ ಅರ್ಥವಾಯಿತು. ಪರವಾನಗಿಯ ಮೇಲೆ ನನ್ನ ಹೆಸರಿರುತ್ತದೆ, ಉದ್ದಿಮೆಯ ಹೆಸರಿರುತ್ತದೆ, ಜೊತೆಗೆ ವಿಳಾಸವೂ ಇರುತ್ತದೆ. ಪಕ್ಕದ ಬೀದಿಗೆ ಅಂಗಡಿ ಹೊತ್ತುಕೊಂಡು ಹೋದರೆ ಅದು ಅಲ್ಲಿಗೆ ನಡೆಯುವುದಿಲ್ಲ. ಹಾಗಾಗಿ ಅವರು ಮೊದಲು ನೋಡೋದು ಆ ಜಾಗದ ಲೆಕ್ಕವನ್ನು. ಅಡ್ವಾನ್ಸ್ ಕೊಡುವ ಮೊದಲು ನಾನು ಗೋಡೆ ನೋಡಿದೆ, ಶಟರ್ ನೋಡಿದೆ, ನಲ್ಲಿ ತಿರುಗಿಸಿ ನೋಡಿದೆ. ಕಂದಾಯದ ರಸೀದಿ ಒಂದನ್ನು ಕೇಳಲಿಲ್ಲ. ಕೇಳಿದ್ದರೆ ಎರಡೂ ವಿಷಯ ಅಲ್ಲೇ ಕಾಣುತ್ತಿತ್ತು. ಯಾರ ಹೆಸರಲ್ಲಿ ಖಾತೆ ಇದೆ, ಯಾವ ವರ್ಷದವರೆಗೆ ಕಟ್ಟಿದ್ದಾರೆ ಅನ್ನೋದು ಅದರಲ್ಲೇ ಇರುತ್ತದೆ.

ಮಾಲೀಕರ ಮನೆಗೆ ಹೋದೆ. ಯಜಮಾನರು ‘ಕಟ್ಟೋಣ ಬಿಡಮ್ಮ’ ಅಂದರು. ಆ ‘ಕಟ್ಟೋಣ’ದ ಅರ್ಥ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿಂದ ಎರಡು ವಾರ ಹೋಯಿತು. ಕೊನೆಗೆ ದಾರಿ ತೋರಿಸಿದ್ದು ಯಜಮಾನರ ಹೆಂಡತಿ, ಅಮ್ಮನವರು. ಏಪ್ರಿಲ್‌ನಲ್ಲೇ ಕಟ್ಟಿದ್ದರೆ ನೂರಕ್ಕೆ ಐದು ರಿಯಾಯಿತಿ ಸಿಗುತ್ತಿತ್ತು. ಈಗ ಉಲ್ಟಾ, ದಂಡ ಬೆಳೆಯುತ್ತಿತ್ತು. ‘ಈಗ ನೀನೇ ಕಟ್ಟಿಬಿಡು, ಬಾಡಿಗೆಯಲ್ಲಿ ಮುರಿದುಕೋ’ ಅಂದರು. ದಂಡ ಸೇರಿ 6,840 ರೂಪಾಯಿ ಆಗಿತ್ತು. ಚಲನ್ ತೆಗೆಸಿ ಕಟ್ಟಿದೆ. ಇ-ಸ್ಟಾಂಪ್ ಪೇಪರಿನಲ್ಲಿ ಹೊಸದಾಗಿ 11 ತಿಂಗಳ ಕರಾರು ಮಾಡಿಸಿದೆ. ಈ ಸಲ ಸಹಿ ಅಮ್ಮನವರದು. ಒಪ್ಪಿಗೆ ಪತ್ರಕ್ಕೂ ಅವರದೇ ಸಹಿ. ಬಾಡಿಗೆಯಲ್ಲಿ ಮುರಿದುಕೊಳ್ಳುವ ಮಾತನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಯಜಮಾನರಿಗೆ ಅದು ಅಷ್ಟು ಹಿಡಿಸಲಿಲ್ಲ. ಇರಲಿ.

ಅರ್ಜಿ ಒಳಗೆ ಹೋಯಿತು. ಸಕಾಲದ ನಂಬರ್ ಇರುವ ಸ್ವೀಕೃತಿ ಕೊಟ್ಟರು. ಇದನ್ನು ಕೇಳಿ ಪಡೆಯಬೇಕು. ಅರ್ಜಿ ಯಾರ ಟೇಬಲ್ ಮೇಲಿದೆ ಅಂತ ದಿನಾ ಹೋಗಿ ಕೇಳುವ ಬದಲು ಆ ನಂಬರ್ ಹಾಕಿ ನೋಡಬಹುದು.

ಒಂದು ವಾರದ ಮೇಲೆ ಆರೋಗ್ಯ ನಿರೀಕ್ಷಕರು ಬಂದರು. ನಾನು ಆಗ ನಿಪ್ಪಟ್ಟು ತಟ್ಟುತ್ತಿದ್ದೆ, ಕೈಯೆಲ್ಲ ಹಿಟ್ಟು. ಅವರು ಸೀದಾ ಹಿಂದಿನ ಕೋಣೆಗೆ ಬಂದು ಬಾಣಲೆ ನೋಡಿ, ಅರ್ಜಿ ನೋಡಿದರು.

‘ಇದರಲ್ಲಿ ಕುರುಕಲು ತಿಂಡಿ ಮಾರಾಟ ಅಂತ ಇದೆಯಲ್ಲಮ್ಮ. ನೀವು ಇಲ್ಲೇ ಕರಿಯುತ್ತಿದ್ದೀರಿ.’

ಅರ್ಜಿ ತುಂಬುವಾಗ ಸುಮ್ನೆ ‘ಮಾರಾಟ’ ಅಂತ ಬರೆದಿದ್ದೆ. ತಂದು ಮಾರುವುದೇ ಬೇರೆ, ಅಲ್ಲೇ ತಯಾರಿಸಿ ಮಾರುವುದೇ ಬೇರೆ. ಶುಲ್ಕವೂ ಬೇರೆ, ನೋಡುವ ವಿಷಯಗಳೂ ಬೇರೆ. ಕಡಿಮೆ ಶುಲ್ಕದ್ದು ಬರೆಸಿಕೊಂಡರೆ ಒಳ್ಳೇದು ಅಂತ ಅನ್ನಿಸಬಹುದು. ಆದರೆ ಯಾರಾದರೂ ದೂರು ಕೊಟ್ಟ ದಿನ ಕೈಯಲ್ಲಿರುವ ಪರವಾನಗಿ ನಾವು ಮಾಡುವ ಕೆಲಸಕ್ಕೆ ಹೊಂದುವುದೇ ಇಲ್ಲ. ತಿದ್ದಿಸಿ ‘ತಯಾರಿಕೆ ಮತ್ತು ಮಾರಾಟ’ ಅಂತ ಮಾಡಿಸಿದೆ.

ಆಮೇಲೆ ಅವರ ಕಣ್ಣು ಸಿಲಿಂಡರ್ ಮೇಲೆ ಬಿತ್ತು. ಕೆಂಪು ಬಣ್ಣದ್ದು, ಮನೆಯಿಂದ ತಂದಿದ್ದು, 14.2 ಕೆಜಿ. ಅಂಗಡಿಗೆ 19 ಕೆಜಿಯ ನೀಲಿ ಸಿಲಿಂಡರೇ ಬೇಕು ಅಂದರು. ಅದು ತುಟ್ಟಿ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬದಲಾಯಿಸಿದೆ. ಬಾಣಲೆಯ ಹೊಗೆ ಪಕ್ಕದ ಮನೆಯ ಕಿಟಕಿಗೆ ಹೋಗದ ಹಾಗೆ ಕೊಳವೆ ಹಾಕಿಸಲು ಹೇಳಿದರು. ಹೊರಗೆ ಬಂದು ಬೋರ್ಡನ್ನೂ ನೋಡಿದರು. 2024ರ ತಿದ್ದುಪಡಿಯ ನಂತರ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು. ನಮ್ಮದು ಪೂರ್ತಿ ಕನ್ನಡ. ಅವತ್ತು ತಕರಾರಿಲ್ಲದೆ ಪಾಸಾಗಿದ್ದು ಅದೊಂದೇ!

ಡಿಸೆಂಬರ್ ಕೊನೆ ವಾರ ಪರವಾನಗಿ ಬಂತು. ಖುಷಿಯಿಂದ ಫ್ರೇಮ್ ಹಾಕಿಸೋಕೆ ಹೊರಟಾಗ ನನ್ನವರು ಓದಿ ನಕ್ಕರು. ಅವಧಿ ಮುಗಿಯುವ ದಿನ ಮಾರ್ಚ್ 31. ಒಂದು ವರ್ಷದ್ದು ಅಂದರೆ ಕೊಟ್ಟ ದಿನದಿಂದ ಒಂದು ವರ್ಷ ಅಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸರ್ಕಾರಿ ವರ್ಷ. ಇಡೀ ವರ್ಷದ ಶುಲ್ಕ ಕಟ್ಟಿದ ನನಗೆ ಸಿಕ್ಕಿದ್ದು ಮೂರು ತಿಂಗಳು ಚಿಲ್ಲರೆ. ಫ್ರೇಮ್ ಬೇಡ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ ಗೋಡೆಗೆ ಮೊಳೆ ಹೊಡೆದೆವು.

ಫೆಬ್ರವರಿಯಲ್ಲೇ ನವೀಕರಣಕ್ಕೆ ಕೊಟ್ಟೆ. ಹಳೆಯ ಪರವಾನಗಿ, ಆ ವರ್ಷದ ಕಂದಾಯ ರಸೀದಿ, ಚಾಲ್ತಿಯಲ್ಲಿರುವ ಕರಾರು, ಶುಲ್ಕ ಕಟ್ಟಿದ ಚಲನ್. ಅಷ್ಟರಲ್ಲೇ ಮುಗಿಯಿತು. ತಡ ಮಾಡಿದ ಎದುರಿನ ಟೈಲರ್ ಅಂಗಡಿಯವರು ದಂಡ ಸೇರಿಸಿ ಕಟ್ಟಿದರು.

ಎರಡನೇ ಸಲ ಮಾತ್ರ ಮತ್ತೆ ಎಡವಿದೆ. ಎಲ್ಲ ಕಾಗದ ಜೋಡಿಸಿಕೊಂಡು ಜಂಬದಿಂದ ಹೋದೆ. ಕೌಂಟರಿನವರು ಕರಾರಿನ ಕೊನೆಯ ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದರು. 11 ತಿಂಗಳು ಅಕ್ಟೋಬರ್‌ನಲ್ಲೇ ಮುಗಿದಿತ್ತು. ಬಾಡಿಗೆ ತಿಂಗಳು ತಿಂಗಳು ಹೋಗುತ್ತಿತ್ತು, ಹಾಗಾಗಿ ಕರಾರಿನ ನೆನಪೇ ಇರಲಿಲ್ಲ.

ಅರ್ಧ ಕೆಜಿ ಕೋಡುಬಳೆ ಕಟ್ಟಿಕೊಂಡು ಅಮ್ಮನವರ ಮನೆಗೆ ಹೋದೆ. ಬಾಗಿಲು ತೆಗೆದವರೇ ‘ಮತ್ತೆ ಸಹಿನಾ?’ ಅಂದರು.